ತೊಳೆದರೂ ಹೋಗದ ನೆತ್ತಿಯ ವಾಸನೆ

ತಲೆಸ್ನಾನ ಮಾಡಿದ ಮರುದಿನವೇ, ಕೆಲವರಿಗೆ ಅಂದು ಸಂಜೆಯೇ, ನೆತ್ತಿಯಿಂದ ಹುಳಿ ಬೆರೆತ ಕಮಟು ವಾಸನೆ ಬರತೊಡಗುತ್ತದೆ. ಬೈತಲೆಯ ಮೇಲೆ ಬೆರಳಾಡಿಸಿ ಮೂಸಿದರೆ ಅದು ತಿಳಿಯುತ್ತದೆ. ದಿಂಬಿನ ಕವರು, ಬಾಚಣಿಗೆ, ಹೆಲ್ಮೆಟ್ಟಿನ ಒಳಗಿನ ಸ್ಪಂಜು ಎಲ್ಲಕ್ಕೂ ಅದೇ ವಾಸನೆ ಹತ್ತಿರುತ್ತದೆ. ಶಾಂಪೂ ಬದಲಾಯಿಸಿದರೂ, ವಾರಕ್ಕೆರಡು ಬದಲು ಮೂರು ಸಲ ತಲೆಗೆ ನೀರು ಹಾಕಿಕೊಂಡರೂ ಅದು ಹೋಗುವುದಿಲ್ಲ. ಈ ವಾಸನೆಗೆ ಮೂಲ ಧೂಳೂ ಅಲ್ಲ, ಬೆವರೂ ಅಲ್ಲ. ನೆತ್ತಿಯ ಚರ್ಮ ತಾನೇ ಸ್ರವಿಸುವ ಜಿಡ್ಡನ್ನು ಅಲ್ಲಿ ನೆಲೆಸಿರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಒಡೆದು ತಿನ್ನುವಾಗ ಅದು ಹುಟ್ಟುತ್ತದೆ. ಈ ಜೀವಿಗಳು ಇರುವುದು ಕೂದಲಿನ ಬುಡದಲ್ಲಿ. ಸಾಮಾನ್ಯ ತಲೆಸ್ನಾನ ತೊಳೆಯುವುದು ಹೆಚ್ಚಾಗಿ ಕೂದಲನ್ನು. ತೊಳೆದರೂ ವಾಸನೆ ಮರಳುವುದಕ್ಕೆ ಮುಖ್ಯ ಕಾರಣ ಇದೇ.

ನೆತ್ತಿಯ ಜಿಡ್ಡು ಮತ್ತು ಅದನ್ನು ತಿನ್ನುವವರು

ಪ್ರತಿ ಕೂದಲೂ ಚರ್ಮದಲ್ಲಿ ಒಂದು ಸಣ್ಣ ಕುಳಿಯಿಂದ ಹೊರಬರುತ್ತದೆ. ಆ ಕುಳಿಗೆ ಅಂಟಿಕೊಂಡು ಎಣ್ಣೆ ಸ್ರವಿಸುವ ಗ್ರಂಥಿ ಇರುತ್ತದೆ. ಮುಖ, ಎದೆ, ಬೆನ್ನಿನ ಮೇಲ್ಭಾಗದಂತೆ ನೆತ್ತಿಯಲ್ಲೂ ಈ ಗ್ರಂಥಿಗಳು ಬಹಳ ಒತ್ತಾಗಿವೆ. ಅವು ಸ್ರವಿಸುವ ಜಿಡ್ಡಿಗೆ ಸೀಬಮ್ ಎಂದು ಹೆಸರು. ಎಷ್ಟು ಸೀಬಮ್ ಬರಬೇಕೆಂಬುದನ್ನು ಮುಖ್ಯವಾಗಿ ಹಾರ್ಮೋನುಗಳು ನಿರ್ಧರಿಸುತ್ತವೆ. ಹೀಗಾಗಿ ಹತ್ತು ವರ್ಷದ ಹುಡುಗಿಯ ತಲೆಯಲ್ಲಿ ಇರದ ವಾಸನೆ ಹದಿನಾಲ್ಕಕ್ಕೆ ಕಾಣಿಸಿಕೊಳ್ಳುವುದುಂಟು. ಪದೇ ಪದೇ ತೊಳೆದರೆ ನೆತ್ತಿ ಇನ್ನಷ್ಟು ಎಣ್ಣೆ ಬಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಗ್ರಂಥಿಗೆ ತೊಳೆದದ್ದು ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ಸ್ರವಿಸುತ್ತಲೇ ಇರುತ್ತದೆ, ತೊಳೆದು ಹೋದದ್ದು ಒಂದೆರಡು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಗ್ರಂಥಿಯಿಂದ ಆಗತಾನೇ ಹೊರಬಂದ ಸೀಬಮ್ಮಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ವಾಸನೆ ತರಿಸುವುದು ಅದನ್ನು ಆಶ್ರಯಿಸಿ ಬದುಕುವ ಜೀವಿಗಳು. ಇವುಗಳಲ್ಲಿ ಮೊದಲನೆಯದು ಮಲಾಸೇಜಿಯಾ ಎಂಬ ಯೀಸ್ಟ್. 1874ರಲ್ಲಿ ತಲೆಹೊಟ್ಟಿನಲ್ಲಿ ಇದನ್ನು ಗುರುತಿಸಿದ ಫ್ರಾನ್ಸಿನ ಲೂಯಿ ಶಾರ್ಲ್ ಮಲಾಸೆ ಅವರ ಹೆಸರೇ ಇದಕ್ಕಿದೆ. ಬ್ರೆಡ್ಡಿನ ಹಿಟ್ಟನ್ನು ಹುದುಗಿಸುವ ಯೀಸ್ಟಿನಂತೆ ಇದೂ ಏಕಕೋಶ ಜೀವಿ, ಆದರೆ ಇದಕ್ಕೆ ಕೊಬ್ಬು ಬೇಕೇ ಬೇಕು. ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಇದಕ್ಕಿಲ್ಲ. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸುವವರು ಪೋಷಕದ್ರವ್ಯದ ಮೇಲೆ ಆಲಿವ್ ಎಣ್ಣೆಯಂಥದ್ದನ್ನು ಸುರಿಯುವುದುಂಟು. ನೆತ್ತಿಯಲ್ಲಿ ಆ ಕೊರತೆಯೇ ಇಲ್ಲ. ಹೆಚ್ಚುಕಡಿಮೆ ಎಲ್ಲ ವಯಸ್ಕರ ನೆತ್ತಿಯಲ್ಲೂ ಇದು ನೆಲೆಸಿರುತ್ತದೆ. ಇದು ಹೊರಗಿನಿಂದ ಅಂಟಿದ ರೋಗವಲ್ಲ, ಬೇರುಸಹಿತ ಕಿತ್ತುಹಾಕಲೂ ಆಗುವುದಿಲ್ಲ. ಚಿಕಿತ್ಸೆಯ ಗುರಿ ಇದರ ಸಂಖ್ಯೆಯನ್ನು ಇಳಿಸುವುದು ಮಾತ್ರ.

ಈ ಯೀಸ್ಟ್ ಲೈಪೇಸ್ ಎಂಬ ಕಿಣ್ವಗಳನ್ನು ಬಿಡುತ್ತದೆ. ಅವು ಸೀಬಮ್ಮಿನ ಕೊಬ್ಬನ್ನು ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳಾಗಿ ಸೀಳುತ್ತವೆ. ತನಗೆ ಬೇಕಾದ ಆಮ್ಲಗಳನ್ನು ಯೀಸ್ಟ್ ಬಳಸಿಕೊಳ್ಳುತ್ತದೆ, ಒಲೇಯಿಕ್ ಆಮ್ಲದಂಥವು ಚರ್ಮದ ಮೇಲೆಯೇ ಉಳಿಯುತ್ತವೆ. ಒಲೇಯಿಕ್ ಆಮ್ಲ ತಾಗಿದ ಚರ್ಮ ಕೆಲವರಲ್ಲಿ ಕೆರಳಿ ಕೆಂಪಾಗುತ್ತದೆ, ತುರಿಸುತ್ತದೆ, ಪದರ ಪದರವಾಗಿ ಉದುರುತ್ತದೆ. ಇದೇ ತಲೆಹೊಟ್ಟು. ಅದು ತೀವ್ರವಾಗಿ, ಜಿಡ್ಡು ಜಿಡ್ಡಾದ ಹಳದಿ ಹಕ್ಕಳೆ ಕಟ್ಟಿದಾಗ ವೈದ್ಯರು ಸೆಬೊರಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಹಳೆಯ ಕೊಬ್ಬರಿ ಎಣ್ಣೆ ಕಮಟಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಣ್ಣೆಯ ಕೊಬ್ಬು ಒಡೆದು, ಗಾಳಿಯೊಂದಿಗೆ ವರ್ತಿಸಿ ಆ ವಾಸನೆ ಬರುತ್ತದೆ. ನೆತ್ತಿಯ ಮೇಲೆ ನಡೆಯುವುದೂ ಅಂಥದ್ದೇ, ಆದರೆ ಇಲ್ಲಿ ಯೀಸ್ಟಿನ ಕಿಣ್ವ ಆ ಕೆಲಸವನ್ನು ಬಹಳ ಬೇಗ ಮುಗಿಸುತ್ತದೆ.

ಎರಡನೆಯ ಗುಂಪು ಬ್ಯಾಕ್ಟೀರಿಯಾಗಳದ್ದು. ನೆತ್ತಿಯಲ್ಲಿ ಸ್ಟ್ಯಾಫಿಲೊಕಾಕಸ್ ಮತ್ತು ಕ್ಯೂಟಿಬ್ಯಾಕ್ಟೀರಿಯಂ ಎಂಬ ಜಾತಿಯವು ಹೆಚ್ಚು. ಕೊಬ್ಬು ಒಡೆದಾಗ ಬಿಡುಗಡೆಯಾಗುವ ಗ್ಲಿಸರಿನ್ ಇವುಗಳಿಗೆ ಆಹಾರ. ಅದರಿಂದ ಇವು ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವನ್ನು ತಯಾರಿಸಬಲ್ಲವು. ನೆತ್ತಿಯ ಹುಳಿ ವಾಸನೆ ಇಲ್ಲಿಂದ ಬರುತ್ತದೆ. ಚರ್ಮದಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಸ್ಟ್ಯಾಫಿಲೊಕಾಕಸ್ ಐಸೊವಲೇರಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಅದರ ವಾಸನೆ ದಿನವಿಡೀ ಬೂಟಿನೊಳಗಿದ್ದ ಕಾಲುಚೀಲದಂತೆ ಇರುತ್ತದೆ, ಬಹಳ ಕಡಿಮೆ ಪ್ರಮಾಣದಲ್ಲಿದ್ದರೂ ಮೂಗಿಗೆ ಹತ್ತುತ್ತದೆ. ಹೀಗೆ ಯೀಸ್ಟ್ ಒಡೆದದ್ದನ್ನು ಬ್ಯಾಕ್ಟೀರಿಯಾ ಮುಂದುವರಿಸುತ್ತದೆ. ಉದುರದೆ ನಿಂತ ಹೊಟ್ಟು ಇಬ್ಬರಿಗೂ ಮೇವಾಗಿ, ನೀರು ಹಿಡಿದಿಡುವ ಹಾಸಾಗಿ ಉಳಿಯುತ್ತದೆ. ಜಿಡ್ಡು, ತೇವ, ಬೆಚ್ಚಗಿನ ತಾವು ಮೂರೂ ಒಟ್ಟಿಗೆ ಸಿಕ್ಕರೆ ವಾಸನೆ ಬೇಗ ಹುಟ್ಟುತ್ತದೆ.

ತೊಳೆಯುವುದು ಎಲ್ಲಿ ತಪ್ಪುತ್ತದೆ

ಮೊದಲ ತಪ್ಪು ಶಾಂಪೂ ಹಾಕುವ ಜಾಗದಲ್ಲೇ ಇದೆ. ಒಂದು ಗುಪ್ಪೆ ಶಾಂಪೂವನ್ನು ನೆತ್ತಿಯ ಮಧ್ಯಕ್ಕೆ ಹಚ್ಚಿ ಕೂದಲನ್ನು ಗುಡ್ಡೆ ಮಾಡಿ ಉಜ್ಜಿದರೆ ನೊರೆ ಕೂದಲಿನಲ್ಲೇ ಉಳಿಯುತ್ತದೆ. ಕಿವಿಯ ಹಿಂಬದಿ, ಕತ್ತಿನ ಮೇಲ್ಭಾಗ, ತುರುಬು ಕಟ್ಟುವ ಹಿಂದಲೆ ಹಾಗೇ ಜಿಡ್ಡಾಗಿ ಉಳಿದಿರುತ್ತವೆ. ದಟ್ಟ ಕೂದಲಿರುವವರಲ್ಲಿ ಇದು ಸರ್ವೇಸಾಮಾನ್ಯ.

ಎರಡನೆಯದು ಎಣ್ಣೆ. ಕೂದಲಿನ ತುದಿಗೆ ಎಣ್ಣೆ ಹಚ್ಚಿದರೆ ತೊಂದರೆ ಇಲ್ಲ. ಆದರೆ ವಾಸನೆ ಇರುವ ನೆತ್ತಿಗೆ ರಾತ್ರಿ ಎಣ್ಣೆ ತಿಕ್ಕಿ ಬೆಳಗ್ಗೆ ತೊಳೆದುಕೊಂಡರೆ ಯೀಸ್ಟಿಗೆ ಇಡೀ ರಾತ್ರಿ ಔತಣವಿಟ್ಟಂತೆ. ಒಣಗಿದ ನೆತ್ತಿಯಿರುವವರಿಗೆ ಹಿತವಾಗುವ ಎಣ್ಣೆಸ್ನಾನ ಹಳದಿ ಹೊಟ್ಟು ಕಟ್ಟುವವರಿಗೆ ಅಷ್ಟೇ ಹಿತವಾಗುವುದಿಲ್ಲ. ಹಕ್ಕಳೆ ದಪ್ಪಗಿದ್ದರೆ ಅದನ್ನು ಮೆತ್ತಗೆ ಮಾಡಲು ತಲೆಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಎಣ್ಣೆ ಹಚ್ಚಬಹುದು. ಮೆತ್ತಗಾದ ಹೊಟ್ಟಿನೊಂದಿಗೆ ಆ ಎಣ್ಣೆಯೂ ಪೂರ್ತಿ ತೊಳೆದು ಹೋಗಬೇಕು.

ಮೂರನೆಯದು ತೇವ. ಉದ್ದ ಕೂದಲನ್ನು ಒದ್ದೆಯಲ್ಲೇ ಜಡೆ ಹೆಣೆದು ಅಥವಾ ತುರುಬು ಕಟ್ಟಿ ಹೂ ಮುಡಿದರೆ ಬುಡ ಮಧ್ಯಾಹ್ನದವರೆಗೂ ಆರುವುದಿಲ್ಲ. ಅದರ ಮೇಲೆ ಹೆಲ್ಮೆಟ್ ಬಿದ್ದರೆ ಬಿಸಿಯೂ ಸೇರುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಮಳೆಗಾಲದ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆಳಗ್ಗೆ ತೊಳೆದ ದಟ್ಟ ಕೂದಲು ಸಂಜೆಗೂ ಪೂರ್ತಿ ಆರದೆ ಮುಗ್ಗಲು ಹಿಡಿಯುತ್ತದೆ. ಒಣಗದ ಟವಲಿನಲ್ಲಿ ಬರುವ ವಾಸನೆಗೂ ಇದಕ್ಕೂ ಕಾರಣ ಒಂದೇ.

ನಾಲ್ಕನೆಯದು ಔಷಧಿ ಶಾಂಪೂವನ್ನು ಮಾಮೂಲಿ ಶಾಂಪೂವಿನಂತೆ ಬಳಸುವುದು. ಹಚ್ಚಿದ ಅರ್ಧ ನಿಮಿಷದಲ್ಲಿ ತೊಳೆದುಬಿಟ್ಟರೆ ಅದರಲ್ಲಿರುವ ಔಷಧಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ದುಬಾರಿ ಶಾಂಪೂ ತಂದರೂ ಪ್ರಯೋಜನವಾಗಲಿಲ್ಲ ಎಂಬ ದೂರಿನ ಹಿಂದೆ ಅನೇಕ ಸಲ ಈ ಕಾರಣವೇ ಇರುತ್ತದೆ.

ಯಾವ ವಾಸನೆ, ಯಾವಾಗ

ಚಿಕಿತ್ಸೆಗೆ ಮುಂಚೆ ಎರಡು ಮೂರು ದಿನ ಗಮನಿಸಿ ನೋಡುವುದು ಒಳ್ಳೆಯದು. ತಲೆಸ್ನಾನ ಮಾಡಿ ಕೂದಲು ಪೂರ್ತಿ ಆರಿದ ಮೇಲೆ, ಮರುದಿನ ಅದೇ ಹೊತ್ತಿಗೆ, ಮೂರನೆಯ ದಿನ ಮತ್ತೆ, ಹೀಗೆ ಮೂರು ಸಲ ಒಣ ಹತ್ತಿಯ ಉಂಡೆಯನ್ನು ಬೈತಲೆಯ ಮೇಲೂ ಕಿವಿಯ ಹಿಂದೆಯೂ ಮೆಲ್ಲಗೆ ತಿಕ್ಕಿ ಮೂಸಬೇಕು.

ಕೂದಲು ಆರುವ ಮುಂಚೆಯೇ ಅಥವಾ ಆರಿದ ತಕ್ಷಣವೇ ಮುಗ್ಗಲು ವಾಸನೆ ಬಂದರೆ ಮೊದಲು ಟವಲು, ಒಣಗಿಸುವ ಕ್ರಮ ಮತ್ತು ತೊಳೆದು ಹೋಗದೆ ಉಳಿದ ಕಂಡೀಶನರ್ ಮೇಲೆ ಅನುಮಾನಪಡಬೇಕು. ತೊಳೆದ ದಿನ ಏನೂ ಇಲ್ಲದೆ ಒಂದೆರಡು ದಿನದಲ್ಲಿ ಕಮಟು ಅಥವಾ ಹುಳಿ ವಾಸನೆ ಎದ್ದು, ಜೊತೆಗೆ ತುರಿಕೆ, ಹೊಟ್ಟು, ಹಣೆಯ ಮೇಲೆ ಜಿಡ್ಡು ಇದ್ದರೆ ಯೀಸ್ಟಿನ ಕೈವಾಡ ಹೆಚ್ಚು. ಹುಬ್ಬಿನ ನಡುವೆ, ಮೂಗಿನ ಪಕ್ಕದ ಮಡಿಕೆಯಲ್ಲಿ, ಕಿವಿಯ ಹಿಂದೆ ಕೆಂಪಾಗಿ ಹೊಟ್ಟು ಏಳುವುದೂ ಅದೇ ಲಕ್ಷಣ. ಇನ್ನು ಕೂದಲಿನ ಬುಡದಲ್ಲಿ ನೋಯುವ ಗುಳ್ಳೆಗಳು, ಪ್ರತಿ ಗುಳ್ಳೆಯ ನಡುವೆ ಒಂದು ಕೂದಲು, ತುದಿಯಲ್ಲಿ ಕೀವು ಕಂಡರೆ ಬ್ಯಾಕ್ಟೀರಿಯಾ ಕುಳಿಯೊಳಗೆ ಸೋಂಕು ಮಾಡಿದೆ ಎಂದರ್ಥ. ಇದಕ್ಕೆ ಫಾಲಿಕ್ಯುಲೈಟಿಸ್ ಎಂದು ಹೆಸರು. ಆಗ ವಾಸನೆ ಗಾಯದ ಕೀವಿನಂತೆ ಇರುತ್ತದೆ, ಕೆಲವೆಡೆ ರಸ ಒಸರಿ ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ. ಈ ಸ್ಥಿತಿಗೆ ಹೊಟ್ಟಿನ ಶಾಂಪೂ ಸಾಲದು, ವೈದ್ಯರು ನೋಡಲೇಬೇಕು.

ಮಲಾಸೇಜಿಯಾ ಕೂಡ ಗುಳ್ಳೆ ಏಳಿಸುತ್ತದೆ. ಅವು ಒಂದೇ ಗಾತ್ರದವಾಗಿದ್ದು, ನೋವಿಗಿಂತ ತುರಿಕೆ ಹೆಚ್ಚು. ಇದನ್ನು ಬ್ಯಾಕ್ಟೀರಿಯಾದ ಗುಳ್ಳೆಯೆಂದು ತಿಳಿದು ಆಂಟಿಬಯಾಟಿಕ್ ನುಂಗಿದರೆ ಯೀಸ್ಟಿನೊಂದಿಗೆ ಪೈಪೋಟಿ ಮಾಡುತ್ತಿದ್ದ ಬ್ಯಾಕ್ಟೀರಿಯಾ ಕಡಿಮೆಯಾಗಿ ಯೀಸ್ಟ್ ಇನ್ನಷ್ಟು ಬೆಳೆಯಬಹುದು. ಅನುಮಾನವಿದ್ದಾಗ ಚರ್ಮವೈದ್ಯರು ನೆತ್ತಿಯಿಂದ ಸ್ವಲ್ಪ ಕೆರೆದು ತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ದ್ರಾವಣ ಚರ್ಮದ ಪುಡಿಯನ್ನು ಕರಗಿಸುತ್ತದೆ, ಶಿಲೀಂಧ್ರ ಮಾತ್ರ ಕಾಣುವಂತೆ ಉಳಿಯುತ್ತದೆ. ಪರೀಕ್ಷೆಗೆ ನೋವಿಲ್ಲ, ಹೆಚ್ಚು ಹೊತ್ತೂ ಬೇಕಾಗುವುದಿಲ್ಲ.

ಔಷಧಿ ಶಾಂಪೂವನ್ನು ಹಚ್ಚುವ ಬಗೆ

ಯೀಸ್ಟಿನ ವಿರುದ್ಧ ಹೆಚ್ಚು ಬಳಕೆಯಲ್ಲಿರುವುದು 2% ಕಿಟೊಕೊನಜೋಲ್ ಶಾಂಪೂ. ಶಿಲೀಂಧ್ರದ ಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ವಸ್ತು ತಯಾರಾಗದಂತೆ ಇದು ತಡೆಯುತ್ತದೆ. ಚರ್ಮದ ಮೇಲ್ಪದರಕ್ಕೆ ಅಂಟಿಕೊಳ್ಳುವ ಗುಣವಿರುವುದರಿಂದ ತೊಳೆದ ಮೇಲೂ ಸ್ವಲ್ಪ ಕೆಲಸ ಮಾಡುತ್ತಿರುತ್ತದೆ. ಸಾಮಾನ್ಯ ಕ್ರಮ ಹೀಗಿದೆ: ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ, ಪ್ರತಿ ಸಲ ನೆತ್ತಿಯ ಮೇಲೆ 3ರಿಂದ 5 ನಿಮಿಷ ಇರಬೇಕು. ವಾಸನೆ, ಹೊಟ್ಟು ಇಳಿದ ಮೇಲೆ ವಾರಕ್ಕೆ ಅಥವಾ ಎರಡು ವಾರಕ್ಕೆ ಒಂದು ಸಲ ಮುಂದುವರಿಸಿದರೆ ಸಾಕು. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಬಳಸುವ ಮುಂಚೆ ವೈದ್ಯರನ್ನು ಕೇಳಬೇಕು.

ಜಿಂಕ್ ಪೈರಿಥಿಯೋನ್ ಇರುವ ಶಾಂಪೂಗಳು ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಅವು ಯೀಸ್ಟನ್ನು ತಗ್ಗಿಸುತ್ತವೆ, ಬ್ಯಾಕ್ಟೀರಿಯಾದ ಮೇಲೂ ಸ್ವಲ್ಪ ಪರಿಣಾಮ ಬೀರುತ್ತವೆ. ಹಗುರ ತೊಂದರೆಗೆ ಅವುಗಳಿಂದಲೇ ಆರಂಭಿಸಬಹುದು. ಸೆಲೆನಿಯಂ ಸಲ್ಫೈಡ್ ಶಾಂಪೂ ಜಿಡ್ಡಿನ ನೆತ್ತಿಗೆ ಹೊಂದುತ್ತದೆ, ಆದರೆ ಅದಕ್ಕೆ ತನ್ನದೇ ಗಂಧಕದ ವಾಸನೆ ಇದೆ. ಅದು ನರೆತ ಕೂದಲಿಗೂ ಬಣ್ಣ ಹಾಕಿದ ಕೂದಲಿಗೂ ಕಲೆ ಹಿಡಿಸಬಹುದು, ಆಭರಣದ ಬಣ್ಣ ಕೆಡಿಸಬಹುದು. ಹಚ್ಚುವ ಮುಂಚೆ ಉಂಗುರ, ಓಲೆ ತೆಗೆದಿಟ್ಟರೆ ಒಳ್ಳೆಯದು. ಹೊಟ್ಟು ದಪ್ಪ ಪದರವಾಗಿ ಕುಳಿತಿದ್ದರೆ ಸ್ಯಾಲಿಸಿಲಿಕ್ ಆಮ್ಲವಿರುವ ಶಾಂಪೂ ಮೊದಲು ಪದರವನ್ನು ಸಡಿಲಿಸುತ್ತದೆ, ಆಮೇಲೆ ಹಚ್ಚಿದ ಔಷಧಿ ಬುಡಕ್ಕೆ ತಲುಪುತ್ತದೆ.

ಹಚ್ಚುವ ಕ್ರಮವೂ ಔಷಧಿಯಷ್ಟೇ ಮುಖ್ಯ. ಮೊದಲು ಮಾಮೂಲಿ ಶಾಂಪೂವಿನಿಂದ ಒಂದು ಸಲ ತೊಳೆದು ಜಿಡ್ಡು ತೆಗೆಯಬೇಕು. ಜಿಡ್ಡಿನ ಮೇಲೆ ಔಷಧಿ ಹಚ್ಚಿದರೆ ಅದು ಚರ್ಮಕ್ಕೆ ತಾಗದೆ ಜಾರಿ ಹೋಗುತ್ತದೆ. ಆಮೇಲೆ ಒದ್ದೆ ಕೂದಲನ್ನು ನಾಲ್ಕು ಭಾಗ ಮಾಡಿ, ಬೆರಳ ತುದಿಗೆ ಔಷಧಿ ತೆಗೆದುಕೊಂಡು ಒಂದೊಂದು ಬೈತಲೆಯ ಗೆರೆಯಲ್ಲೂ ಚರ್ಮಕ್ಕೇ ಹಚ್ಚಬೇಕು. ಒಟ್ಟು ಒಂದೆರಡು ಟೀ ಚಮಚದಷ್ಟು ಸಾಕು. ಕೂದಲಿನ ಉದ್ದಕ್ಕೆ ಹಚ್ಚುವ ಅಗತ್ಯವಿಲ್ಲ. ಉಗುರಿನಿಂದ ಕೆರೆಯದೆ ಬೆರಳಿನ ಮೆತ್ತನೆಯ ಭಾಗದಿಂದ ತಿಕ್ಕಬೇಕು, ಕೆರೆದ ಗೀರಿನಿಂದ ಬ್ಯಾಕ್ಟೀರಿಯಾಗೆ ಒಳದಾರಿ ಸಿಗುತ್ತದೆ. ಹಚ್ಚಿ ಮುಗಿಸಿ ಮೈಗೆ ಸೋಪು ಹಚ್ಚಿ ತೊಳೆದುಕೊಳ್ಳುವಷ್ಟರಲ್ಲಿ ಐದು ನಿಮಿಷ ಕಳೆದಿರುತ್ತದೆ. ಆಗ ತಲೆಯನ್ನು ಜಾಲಿಸಬೇಕು. ನೀರು ಉಗುರುಬೆಚ್ಚಗಿದ್ದರೆ ಸಾಕು. ಕಂಡೀಶನರ್ ಬೇಕಿದ್ದರೆ ಕಿವಿಯ ಕೆಳಗಿನ ಕೂದಲಿಗೆ ಮಾತ್ರ ಹಚ್ಚಬೇಕು.

ನಡುವಿನ ದಿನಗಳಲ್ಲಿ ಜಿಡ್ಡು ಕಂಡರೆ ಮೃದುವಾದ ಶಾಂಪೂವಿನಿಂದ ತೊಳೆಯಬಹುದು. ದಿನ ಬಿಟ್ಟು ದಿನ ತೊಳೆದರೆ ಕೂದಲು ಉದುರಿಹೋಗುತ್ತದೆ ಎಂಬ ಭಯ ಬೇಡ. ಹೇಗೂ ಉದುರಬೇಕಾದ ಕೂದಲು ತೊಳೆಯುವಾಗ ಕೈಗೆ ಬರುತ್ತದೆ, ಅಷ್ಟೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಬಳಸಿದರೆ ಸುಣ್ಣದಂಥ ಗಸಿ ಉಳಿಯುತ್ತದೆ, ಅದರ ಜೊತೆ ಜಿಡ್ಡೂ ಅಂಟುತ್ತದೆ. ಅಂಥ ಊರುಗಳಲ್ಲಿ ತಲೆಗೆ ಸಾಬೂನಿಗಿಂತ ಶಾಂಪೂ ಲೇಸು. ಸೀಗೆಕಾಯಿ ಮತ್ತು ಅಂಟುವಾಳದ ನೊರೆ ಎಣ್ಣೆ ತೆಗೆಯಬಲ್ಲದು. ಆದರೆ ಸೋಸದ ಪುಡಿ ಬುಡದಲ್ಲಿ ಉಳಿದರೆ ಅದೂ ಹೊಟ್ಟಿನೊಂದಿಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಕುದಿಸಿ ಸೋಸಿದ ನೀರನ್ನಷ್ಟೇ ಬಳಸುವುದು ಮೇಲು.

ಒಂದು ಉದಾಹರಣೆ

ಕರಾವಳಿಯ ಊರೊಂದರಲ್ಲಿ ಸೊಂಟದವರೆಗೆ ಕೂದಲಿರುವ, ದಿನವೂ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ಮೂವತ್ತರ ಹರೆಯದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಬಹುದು. ಮಂಗಳವಾರ, ಶುಕ್ರವಾರ ತಲೆಸ್ನಾನ. ಹಿಂದಿನ ರಾತ್ರಿ ನೆತ್ತಿಗೆ ಕೊಬ್ಬರಿ ಎಣ್ಣೆ. ಬೆಳಗ್ಗೆ ಏಳಕ್ಕೆ ತೊಳೆದು, ಟವಲು ಸುತ್ತಿ ಅಡುಗೆ ಮುಗಿಸಿ, ಎಂಟೂವರೆಗೆ ಒದ್ದೆ ಕೂದಲಿಗೇ ಜಡೆ ಹಾಕಿ, ಮಲ್ಲಿಗೆ ಮುಡಿದು, ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಾರೆ. ಬುಧವಾರ ಸಂಜೆಗೆ ನೆತ್ತಿ ತುರಿಸುತ್ತದೆ, ಗುರುವಾರ ವಾಸನೆ ಎದ್ದು ನಿಲ್ಲುತ್ತದೆ. ಹತ್ತಿಯ ಉಂಡೆಯ ಪರೀಕ್ಷೆಯಲ್ಲಿ ಬೈತಲೆಗಿಂತ ಹಿಂದಲೆಯ ವಾಸನೆ ಜಾಸ್ತಿ. ಬೈತಲೆ ಬೇಗ ಆರುತ್ತದೆ, ಜಡೆಯ ಬುಡ ಆರುವುದಿಲ್ಲ. ಗುಳ್ಳೆ, ಕೀವು ಇಲ್ಲ. ಕಿವಿಯ ಹಿಂದೆ ಹಳದಿ ಹೊಟ್ಟಿದೆ. ಇದು ಯೀಸ್ಟ್ ಹೆಚ್ಚಾದ ನೆತ್ತಿಯ ಸ್ಪಷ್ಟ ಚಿತ್ರ.

ಇವರು ಮಾಡಬೇಕಾದ ಮೊದಲ ಬದಲಾವಣೆ ತಲೆಸ್ನಾನದ ಹೊತ್ತು. ಬೆಳಗ್ಗೆಯ ಬದಲು ಕೆಲಸದಿಂದ ಬಂದ ಮೇಲೆ ಸಂಜೆ ಆರಕ್ಕೆ ತೊಳೆದುಕೊಂಡರೆ ಮಲಗುವಷ್ಟರಲ್ಲಿ ಫ್ಯಾನಿನ ಗಾಳಿಗೆ ಬುಡ ಆರುತ್ತದೆ. ಮಳೆಗಾಲದಲ್ಲಿ ಹೇರ್ ಡ್ರೈಯರನ್ನು ತಣ್ಣನೆ ಗಾಳಿಯ ಮಟ್ಟದಲ್ಲಿಟ್ಟು ಹಿಂದಲೆಯ ಬುಡಕ್ಕೆ ಹಿಡಿಯಬೇಕು. ನೆತ್ತಿಯ ಎಣ್ಣೆ ನಿಂತು, ತುದಿಗಷ್ಟೇ ಎರಡು ಹನಿ ಉಳಿಯುತ್ತದೆ. ಮಂಗಳವಾರ, ಶುಕ್ರವಾರ ಕಿಟೊಕೊನಜೋಲ್, ಭಾನುವಾರ ಮಾಮೂಲಿ ಶಾಂಪೂ.

ಮೊದಲ ವಾರ ಹೊಟ್ಟು ಹೆಚ್ಚಾದಂತೆ ಕಾಣಬಹುದು, ಅಂಟಿಕೊಂಡಿದ್ದ ಪದರಗಳು ಸಡಿಲಾಗಿ ಉದುರುತ್ತಿರುತ್ತವೆ. ಎರಡನೆಯ ವಾರಕ್ಕೆ ತುರಿಕೆ ಇಳಿಯುತ್ತದೆ, ಎರಡನೆಯ ದಿನ ಬರುತ್ತಿದ್ದ ವಾಸನೆ ಮೂರನೆಯ ದಿನಕ್ಕೆ ಸರಿಯುತ್ತದೆ. ಮೂರನೆಯ ವಾರದಲ್ಲಿ ಒಂದು ಎಡವಟ್ಟು ಕಾಣುತ್ತದೆ ಎಂದುಕೊಳ್ಳೋಣ: ತೊಳೆದ ಮರುದಿನ ಬೆಳಗ್ಗೆ ನೆತ್ತಿಯಲ್ಲಿ ಏನೂ ಇಲ್ಲ, ಕೆಲಸಕ್ಕೆ ತಲುಪಿದಾಗ ವಾಸನೆ ಇದೆ. ಆಗ ಹೆಲ್ಮೆಟ್ಟಿನ ಒಳಗನ್ನು ಮೂಸಿ ನೋಡಿದರೆ ಕಾರಣ ಸಿಗುತ್ತದೆ. ತಿಂಗಳುಗಟ್ಟಲೆ ಜಿಡ್ಡು, ಬೆವರು ಕುಡಿದ ಸ್ಪಂಜು ಸ್ವಚ್ಛವಾದ ಕೂದಲಿಗೆ ಹಳೆಯ ವಾಸನೆಯನ್ನು ಮರಳಿ ಹಚ್ಚುತ್ತಿರುತ್ತದೆ. ಒಳಪದರ ಬಿಚ್ಚಲು ಬರುವ ಹೆಲ್ಮೆಟ್ಟಾದರೆ ತೆಗೆದು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಬಿಚ್ಚಲು ಬಾರದಿದ್ದರೆ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಗಾಳಿಗಿಡಬೇಕು. ಹೆಲ್ಮೆಟ್ಟಿನ ಕೆಳಗೆ ತೆಳುವಾದ ಹತ್ತಿಬಟ್ಟೆ ಕಟ್ಟಿಕೊಂಡು ಅದನ್ನು ದಿನವೂ ಒಗೆದರೆ ಸ್ಪಂಜಿಗೆ ಜಿಡ್ಡು ತಲುಪುವುದೇ ಇಲ್ಲ. ದಿಂಬಿನ ಕವರನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು, ಬಾಚಣಿಗೆಯನ್ನು ವಾರಕ್ಕೊಮ್ಮೆ ಬಿಸಿ ಸೋಪಿನ ನೀರಿನಲ್ಲಿ ನೆನೆಸಿ ಹಳೆಯ ಬ್ರಷ್ಷಿನಿಂದ ಹಲ್ಲುಗಳ ಸಂದು ಉಜ್ಜಬೇಕು, ತಲೆಗೆ ಪ್ರತ್ಯೇಕ ಟವಲು ಇಡಬೇಕು.

ನಾಲ್ಕು ವಾರ ಮುಗಿದಾಗ ವಾಸನೆ ಇಲ್ಲದಿದ್ದರೆ ಔಷಧಿ ಶಾಂಪೂ ವಾರಕ್ಕೊಂದು ಸಲಕ್ಕೆ ಇಳಿಯುತ್ತದೆ, ಆಮೇಲೆ ಎರಡು ವಾರಕ್ಕೊಂದು. ಪೂರ್ತಿ ನಿಲ್ಲಿಸಿದರೆ ಕೆಲವು ವಾರ ಅಥವಾ ತಿಂಗಳಲ್ಲಿ ತೊಂದರೆ ಮರಳುವುದು ಸಾಮಾನ್ಯ. ಇದು ಔಷಧಿ ಸೋತಿತೆಂಬುದರ ಸೂಚನೆಯಲ್ಲ. ಯೀಸ್ಟ್ ನೆತ್ತಿಯ ಖಾಯಂ ನಿವಾಸಿ, ಜಿಡ್ಡು ನಿಲ್ಲುವುದಿಲ್ಲ, ಆದ್ದರಿಂದ ಆಗಾಗ ಕಡಿವಾಣ ಬೇಕು. ಮಳೆಗಾಲ ಆರಂಭವಾಗುವ ಹೊತ್ತಿಗೆ ಇಂಥವರು ಮತ್ತೆ ಎರಡು ಮೂರು ವಾರ ವಾರಕ್ಕೆರಡು ಸಲಕ್ಕೆ ಮರಳಿದರೆ ವಾಸನೆ ಏಳುವ ಮುಂಚೆಯೇ ತಡೆಯಬಹುದು.

ಮನೆಮದ್ದುಗಳ ಮಿತಿ

ನಿಂಬೆರಸ ಹಚ್ಚಿದಾಗ ಜಿಡ್ಡು ಕಡಿಮೆಯಾದಂತೆ ಅನಿಸುತ್ತದೆ, ಅದರ ಪರಿಮಳ ವಾಸನೆಯನ್ನು ಕೆಲ ಹೊತ್ತು ಮುಚ್ಚುತ್ತದೆ. ಆದರೆ ಕೆರೆದ ನೆತ್ತಿಗೆ ಅದು ಉರಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡ ಕ್ಷಾರೀಯ. ಚರ್ಮದ ಸ್ವಾಭಾವಿಕ ಆಮ್ಲೀಯತೆಯನ್ನು ಅದು ಕೆಡಿಸಿ ಮೇಲ್ಪದರವನ್ನು ಒಣಗಿಸುತ್ತದೆ. ಮೊಸರು ತಂಪು ಕೊಡುತ್ತದೆ, ಆದರೆ ಅದರಲ್ಲೂ ಕೊಬ್ಬಿದೆ. ಸರಿಯಾಗಿ ತೊಳೆಯದಿದ್ದರೆ ಅದೇ ಒಂದು ಹುಳಿ ವಾಸನೆಯ ಮೂಲವಾಗುತ್ತದೆ. ಟೀ ಟ್ರೀ ಎಣ್ಣೆ 5% ಇರುವ ಶಾಂಪೂ ತಲೆಹೊಟ್ಟನ್ನು ತಗ್ಗಿಸಿದ್ದು ಪ್ರಯೋಗದಲ್ಲಿ ಕಂಡುಬಂದಿದೆ. ಆದರೆ ಆ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಕೆಲವರಿಗೆ ಅಲರ್ಜಿಯಾಗುತ್ತದೆ. ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವುದರಿಂದ ಪರಿಮಳ ಬರುತ್ತದೆ, ಬುಡ ಆರಲು ನೆರವಾಗುತ್ತದೆ, ಯೀಸ್ಟ್ ಮಾತ್ರ ಅಲ್ಲೇ ಇರುತ್ತದೆ.

ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತರುವ ಮಿಶ್ರ ಮುಲಾಮುಗಳು ಇದಕ್ಕಿಂತ ಅಪಾಯಕಾರಿ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮು ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ಬಿಟ್ಟ ಕೂಡಲೇ ಮತ್ತಷ್ಟು ಜೋರಾಗಿ ಮರಳುತ್ತದೆ. ಬಲವಾದ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಸೋಂಕನ್ನು ಹೊರಗೆ ಕಾಣದಂತೆ ಮಾಡಿ ಹರಡಲು ಬಿಡುತ್ತದೆ. ಸ್ಟೀರಾಯ್ಡ್ ಬೇಕಾದ ನೆತ್ತಿಗಳೂ ಇವೆ, ಆದರೆ ಎಷ್ಟು ದಿನ, ಯಾವ ಬಲದ್ದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳು

ಔಷಧಿ ಶಾಂಪೂವನ್ನು ಸರಿಯಾದ ಕ್ರಮದಲ್ಲಿ ನಾಲ್ಕು ವಾರ ಬಳಸಿದರೂ ವಾಸನೆ ಇಳಿಯದಿದ್ದರೆ ರೋಗ ಬೇರೆಯಿರಬಹುದು. ಸೋರಿಯಾಸಿಸ್ಸಿನ ಹೊಟ್ಟು ಬೆಳ್ಳಿಯ ಬಣ್ಣದ ದಪ್ಪ ಪದರ, ಅದು ಕೂದಲಿನ ಗಡಿ ದಾಟಿ ಹಣೆಯವರೆಗೂ ಬರುತ್ತದೆ. ಮೊಣಕೈ, ಮೊಣಕಾಲಲ್ಲೂ ಅದೇ ಇರಬಹುದು. ಕೀವುಗುಳ್ಳೆ, ಜ್ವರ, ಕತ್ತಿನ ಹಿಂದೆ ಗಂಟು ಬಂದರೆ ಕಾಯದೆ ತೋರಿಸಬೇಕು. ಬ್ಯಾಕ್ಟೀರಿಯಾದ ಸೋಂಕಿಗೆ ಕೆಲವರಿಗೆ ಹಚ್ಚುವ ಔಷಧಿ ಸಾಕಾಗುತ್ತದೆ, ಕೆಲವರಿಗೆ ನುಂಗುವ ಆಂಟಿಬಯಾಟಿಕ್ ಬೇಕಾಗುತ್ತದೆ. ಮಧುಮೇಹ ಇರುವವರಲ್ಲಿ ಗುಳ್ಳೆಗಳು ಮರುಕಳಿಸುವುದು ಹೆಚ್ಚು, ಹಾಗಾಗಿ ಸಕ್ಕರೆ ಮಟ್ಟವನ್ನೂ ನೋಡಿಸಬೇಕಾಗುತ್ತದೆ. ಪಾರ್ಕಿನ್ಸನ್ ಕಾಯಿಲೆ ಇರುವವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಸೆಬೊರಿಕ್ ಡರ್ಮಟೈಟಿಸ್ ತೀವ್ರವಾಗಿರುತ್ತದೆ.

ಮಕ್ಕಳ ವಿಷಯ ಬೇರೆ. ಪ್ರೌಢಾವಸ್ಥೆಗೆ ಬರದ ಮಗುವಿನ ನೆತ್ತಿಯಲ್ಲಿ ಜಿಡ್ಡು ಕಡಿಮೆ, ಹಾಗಾಗಿ ಯೀಸ್ಟಿನ ಹೊಟ್ಟು ವಿರಳ. ಅಂಥ ಮಗುವಿನ ತಲೆಯಲ್ಲಿ ಕೂದಲು ಅಲ್ಲಲ್ಲಿ ಮುರಿದು ಬೋಳಾಗಿ, ಹೊಟ್ಟು ಎದ್ದು, ವಾಸನೆ ಬಂದರೆ ತಲೆಯ ಹುಳುಕಡ್ಡಿಯ ಅನುಮಾನ ಬರಬೇಕು. ಅದು ಕೆಲವೊಮ್ಮೆ ಒತ್ತಿದರೆ ಮೆತ್ತಗಿರುವ, ಕೀವು ಸುರಿಯುವ ಊತವಾಗುತ್ತದೆ. ಇಲ್ಲಿ ಶಿಲೀಂಧ್ರ ಕೂದಲಿನೊಳಗೇ ಸೇರಿರುವುದರಿಂದ ಶಾಂಪೂ ತಲುಪುವುದಿಲ್ಲ. ವೈದ್ಯರು ಕೊಡುವ ಗ್ರಿಸಿಯೊಫಲ್ವಿನ್ ಅಥವಾ ಟರ್ಬಿನಾಫಿನ್ ಮಾತ್ರೆಗಳನ್ನು ವಾರಗಟ್ಟಲೆ ನುಂಗಿಸಬೇಕು. ತಡವಾದರೆ ಆ ಜಾಗದಲ್ಲಿ ಕೂದಲು ಮತ್ತೆ ಬೆಳೆಯದಿರಬಹುದು. ಹೇನಿನ ಕಡಿತವನ್ನು ಕೆರೆದು ಗಾಯವಾಗಿ ಕೀವು ಕಟ್ಟಿದ ಮಗುವಿಗೆ ಮೊದಲು ಗಾಯಕ್ಕೆ, ಜೊತೆಗೇ ಹೇನಿಗೆ ಚಿಕಿತ್ಸೆ ಆಗಬೇಕು, ಮನೆಯ ಉಳಿದವರ ತಲೆಯನ್ನೂ ಅಂದೇ ನೋಡಬೇಕು.